ಮಗುವಿಗೂ ಪಂಕ್ತಿಯಲ್ಲಿ ಒಂದು ಮಣೆ

ಶೀಗೆ ಹುಣ್ಣಿಮೆಯ ಹಿಂದಿನ ರಾತ್ರಿ ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರಿಗೆ ನಿದ್ದೆ ಅಷ್ಟಕ್ಕಷ್ಟೆ. ಮಾರನೆಯ ದಿನ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಕು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಸಿದ್ಧವಾಗಿ ಕೂತಿರುತ್ತದೆ. ಒಲೆಯ ಮೇಲೆ ಹಚ್ಚಂಬಲಿ ಕುದಿಯುತ್ತಿರುತ್ತದೆ. ಬೇಲಿ, ಬದು, ಹಿತ್ತಿಲು, ಕಾಡಂಚು ಸುತ್ತಿ ತಂದ ಹತ್ತಾರು ಬಗೆಯ ಸೊಪ್ಪು, ಕುಡಿಗಳ ಅಡುಗೆ ಅದು. ನೂರೊಂದು ಕುಡಿ ಎನ್ನುವುದು ಬಾಯಿಮಾತಿನ ಲೆಕ್ಕ. ಬೆಳಕು ಹರಿಯುವ ಮೊದಲೇ ಗಂಡಸರು ಅದನ್ನು ಗದ್ದೆಗೆ ಬೀರಿ ಬರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಪೂಜೆ ಮಾಡಿ, ಬದುವಿನ ಮೇಲೆ ಸಾಲಾಗಿ ಕೂತು ಉಣ್ಣುತ್ತಾರೆ.

ಆ ಸಾಲಿನಲ್ಲಿ ಎರಡು ವರ್ಷದ ಮಗುವೂ ಇರುತ್ತದೆ. ಅದರ ಎದುರಿನ ಎಲೆಯಲ್ಲೂ ಎಲ್ಲರಿಗೆ ಬಡಿಸಿದ್ದೇ ಇರುತ್ತದೆ. ಎಲ್ಲರೂ ತಮ್ಮ ತಮ್ಮ ಎಲೆಯ ಕಡೆ ನೋಡುತ್ತಿರುವುದರಿಂದ ಅದು ಏನು ತಿಂದಿತು, ಏನು ಬಿಟ್ಟಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಅಜ್ಜ ಸೊಪ್ಪು ಕಲಸಿ ಉಣ್ಣುವುದನ್ನು ಮಗು ನೋಡುತ್ತದೆ. ಒಂದು ಎಳೆ ಎತ್ತಿ ಬಾಯಿಗಿಟ್ಟು ಉಗುಳುತ್ತದೆ. ಊಟ ಮುಂದೆ ಸಾಗುತ್ತದೆ.

ಉಳಿದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಶಿಕಾರಿಪುರದ ಪೇಟೆಯಿರಲಿ, ಆನವಟ್ಟಿ ಕಡೆಯ ಹಳ್ಳಿಯಿರಲಿ, ಮಗುವಿನ ಊಟ ಎಲ್ಲರಿಗಿಂತ ಮೊದಲು, ಎಲ್ಲರಿಂದ ಬೇರೆಯಾಗಿ ಮುಗಿಯಬೇಕು. ಅನ್ನ, ತೊವ್ವೆ, ತುಪ್ಪವನ್ನು ನುಣ್ಣಗೆ ಕಿವುಚಿದ ಬಟ್ಟಲು ಅಮ್ಮನ ಕೈಯಲ್ಲಿ, ಮಗು ಅಜ್ಜಿಯ ಸೊಂಟದ ಮೇಲೆ. ಅಂಗಳದ ನಾಯಿ ತೋರಿಸಿ ಒಂದು ತುತ್ತು, ರಸ್ತೆಯ ಬಸ್ಸು ತೋರಿಸಿ ಇನ್ನೊಂದು. ಬಸ್ಸು ಬರದಿದ್ದರೆ ಮೊಬೈಲ್. ಗಂಡಸರ ಊಟ ಆಮೇಲೆ, ಅಮ್ಮನದು ಎಲ್ಲಕ್ಕಿಂತ ಕೊನೆಗೆ, ಆ ಹೊತ್ತಿಗೆ ಮಗು ಮಲಗಿರುತ್ತದೆ. ಹೀಗೆ ಬೆಳೆದ ಮಗು ಎರಡು ವರ್ಷ ತುಂಬುವವರೆಗೆ ಯಾರಾದರೂ ಬೆಂಡೆಕಾಯಿ ಪಲ್ಯ ತಿನ್ನುವುದನ್ನು ಹತ್ತಿರದಿಂದ ಕಂಡೇ ಇರುವುದಿಲ್ಲ. ಒಂದು ದಿನ ಏಕಾಏಕಿ ತಟ್ಟೆಗೆ ಬಂದ ಆ ಹಸಿರು ಚೂರನ್ನು ಅದು ದೂಡಿತೆಂದರೆ "ನಮ್ಮ ಪಾಪು ತರಕಾರಿ ಮುಟ್ಟಲ್ಲ" ಎಂಬ ಹಣೆಪಟ್ಟಿ ಅಂಟುತ್ತದೆ. ತರಕಾರಿಯ ಹಠಕ್ಕೆ ಮದ್ದು ಹುಡುಕುವವರು ಅಡುಗೆಯ ರುಚಿಗಿಂತ ಮೊದಲು ಈ ಬೇರೆ ಊಟದ ಪದ್ಧತಿಯನ್ನು ನೋಡಬೇಕು ಎಂಬುದು ನನ್ನ ವಾದ.

ಒಂದೂವರೆ ವರ್ಷದ ಸುಮಾರಿಗೆ ಈ ಹಠ ಶುರುವಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಬೆಳವಣಿಗೆಯ ವೇಗ. 3 ಕಿಲೋ ತೂಗುತ್ತ ಹುಟ್ಟಿದ ಮಗು ಮೊದಲ ಹುಟ್ಟುಹಬ್ಬಕ್ಕೆ 9 ಕಿಲೋ ಮುಟ್ಟುತ್ತದೆ, ಅಂದರೆ ಒಂದೇ ವರ್ಷದಲ್ಲಿ ಮೂರು ಪಟ್ಟು. ಎರಡನೆಯ ವರ್ಷ ಪೂರ್ತಿ ಸೇರಿಸಿಕೊಳ್ಳುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಹತ್ತನೆಯ ತಿಂಗಳಲ್ಲಿ ಬಟ್ಟಲು ಖಾಲಿ ಮಾಡುತ್ತಿದ್ದ ಮಗು ಇಪ್ಪತ್ತನೆಯ ತಿಂಗಳಲ್ಲಿ ನಾಲ್ಕು ತುತ್ತಿಗೆ ಮುಖ ತಿರುಗಿಸಿದರೆ ಅದು ದೃಷ್ಟಿ ತಾಗಿದ್ದೂ ಅಲ್ಲ, ರೋಗವೂ ಅಲ್ಲ. ಹಸಿವು ಕಡಿಮೆಯಾದ ಮಗು ಆರಿಸಿ ತಿನ್ನುತ್ತದೆ. ಆರಿಸುವಾಗ ಮೊದಲು ಕೈಬಿಡುವುದು ತರಕಾರಿಯನ್ನೇ, ಏಕೆಂದರೆ ಅದರಲ್ಲಿ ಸಿಹಿಯೂ ಕಡಿಮೆ, ಹೊಟ್ಟೆ ತುಂಬಿಸುವ ಕಸುವೂ ಕಡಿಮೆ.

ಎರಡನೆಯದು ಹೊಸ ತಿಂಡಿಯ ಭಯ. ನಡೆಯಲು ಕಲಿತು ಹಿತ್ತಿಲಿಗೆ ತಾನೇ ಇಳಿಯುವ ವಯಸ್ಸಿನಲ್ಲಿ ಕಂಡಕಂಡ ಎಲೆ, ಕಾಯಿಗಳನ್ನು ಬಾಯಿಗೆ ಹಾಕಿಕೊಳ್ಳದೆ ಅನುಮಾನಿಸುವ ಮಗು ಬದುಕಿ ಉಳಿಯಿತು. ಆ ಅನುಮಾನವೇ ಇಂದಿಗೂ ಮಕ್ಕಳಲ್ಲಿದೆ ಎಂಬುದು ವಿಜ್ಞಾನಿಗಳು ಕೊಡುವ ವಿವರಣೆ. ಎರಡರಿಂದ ಆರು ವರ್ಷದ ನಡುವೆ ಇದು ಜೋರಾಗಿರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಮಲೆನಾಡಿನವರಿಗೆ ಈ ಅನುಮಾನದ ಬೆಲೆ ಗೊತ್ತಿರಬೇಕು. ಸರಿಯಾಗಿ ಬೇಯದ ಕೆಸುವಿನ ಸೊಪ್ಪು ದೊಡ್ಡವರ ಗಂಟಲನ್ನೇ ಕೆರೆಸುತ್ತದೆ, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಕಳಲೆಯನ್ನು ನೀರು ಬದಲಿಸುತ್ತ ನೆನೆಹಾಕದೆ ಯಾರೂ ಒಲೆಗೆ ಏರಿಸುವುದಿಲ್ಲ. ಇಂಥ ಸೀಮೆಯಲ್ಲಿ ಹಸಿರು ಕಂಡು ಹಿಂಜರಿಯುವ ಮಗುವನ್ನು ದಡ್ಡ ಎನ್ನಲು ನನಗಂತೂ ಮನಸ್ಸಾಗದು.

ಈ ಅನುಮಾನ ಕರಗುವ ದಾರಿಯನ್ನು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರ ದಶಕದಲ್ಲಿ ಹಂತಹಂತವಾಗಿ ತೋರಿಸಿದರು. 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳಿಗೆ ಗುರುತಿಲ್ಲದ ಚೀಸ್ ಮತ್ತು ಹಣ್ಣುಗಳ ರುಚಿಯನ್ನು ಕೆಲವನ್ನು 2 ಸಲ, ಕೆಲವನ್ನು 5, 10, 15, 20 ಸಲ ತೋರಿಸಲಾಯಿತು. ಹೆಚ್ಚು ಸಲ ನೋಡಿದ ರುಚಿಯೇ ಹೆಚ್ಚು ಇಷ್ಟವಾಯಿತು. ಬರೀ ಕಣ್ಣಿಂದ ನೋಡಿದರೆ ಸಾಕೇ ಎಂಬ ಪ್ರಶ್ನೆಗೆ ಮುಂದಿನ ಅಧ್ಯಯನ ಉತ್ತರ ಕೊಟ್ಟಿತು. ಕಣ್ಣಿಗೆ ಪರಿಚಯವಾದರೆ ಹತ್ತಿರ ಹೋಗಲು ಧೈರ್ಯ ಬರುತ್ತದೆ, ರುಚಿ ಒಗ್ಗಬೇಕಾದರೆ ನಾಲಿಗೆಗೆ ತಾಗಲೇಬೇಕು. ತಾಗುವುದು ಸಾಸಿವೆಯಷ್ಟಾದರೂ ಆಯಿತು, ನುಂಗಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ಬಿದ್ದುಹೋಗುವುದು ಈ ಲೆಕ್ಕವೇ. ಮೂರ್ನಾಲ್ಕು ಸಲ ದೂಡಿದ ಮೇಲೆ "ಅವಳಿಗೆ ಸೇರಲ್ಲ ಬಿಡು" ಎಂದು ಬಡಿಸುವುದನ್ನೇ ಬಿಡುತ್ತೇವೆ. ಹತ್ತು ಹದಿನೈದು ಸಲ ಬೇಕಾದ ಪರಿಚಯ ಅಲ್ಲಿಗೇ ನಿಲ್ಲುತ್ತದೆ.

ಬಿಡದವರು ಒತ್ತಾಯಕ್ಕೆ ಇಳಿಯುತ್ತಾರೆ. "ಒಂದೇ ತುತ್ತು ಮಾರಾಯ್ತಿ, ಅಮ್ಮನ ಮೇಲಾಣೆ." "ಉಣ್ಣದಿದ್ರೆ ಗುಮ್ಮ ಬರ್ತಾನೆ." ಒತ್ತಾಯವೆಂದರೆ ಮೂಗು ಹಿಡಿದು ಬಾಯಿ ತೆರೆಸುವುದು ಮಾತ್ರವಲ್ಲ, ಮೃದು ದನಿಯ ಪದೇಪದೇ ಬೇಡಿಕೆಯೂ ಒತ್ತಾಯವೇ. ಆಮಿ ಗ್ಯಾಲೊವೇ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಎರಡು ಬಗೆಯ ಸೂಪು ಕೊಟ್ಟರು, ಒಂದು ಕುಂಬಳದ ಜಾತಿಯದು, ಇನ್ನೊಂದು ಗೋವಿನಜೋಳದ್ದು. ಒಂದನ್ನು ಬಡಿಸುವಾಗ "ದಯವಿಟ್ಟು ಸೂಪು ಮುಗಿಸು" ಎಂದು ಮೆಲ್ಲಗೆ ಹೇಳುತ್ತಿದ್ದರು, ಇನ್ನೊಂದಕ್ಕೆ ಏನೂ ಹೇಳುತ್ತಿರಲಿಲ್ಲ. ಹೇಳದೆ ಬಿಟ್ಟ ಸೂಪನ್ನೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯಿಸಿದ್ದರ ಬಗ್ಗೆ ಹೆಚ್ಚು ಗೊಣಗಿದರು. ಯಾರೂ ಬೈದಿರಲಿಲ್ಲ, ಹೆದರಿಸಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಆಮಿಷದ ಗತಿಯೂ ಅದೇ. "ಪಲ್ಯ ಉಂಡ್ರೆ ಚಾಕಲೇಟ್ ಕೊಡ್ತೀನಿ" ಎಂದಾಗ ಪಲ್ಯ ದಾಟಬೇಕಾದ ಕಷ್ಟ, ಚಾಕಲೇಟು ಕಷ್ಟಕ್ಕೆ ಸಿಗುವ ಸುಖ ಎಂದು ಮಗುವಿಗೆ ನಾವೇ ಹೇಳಿಕೊಟ್ಟಂತೆ. 1984ರಲ್ಲಿ ಬರ್ಚ್ ಅವರೇ ಇದನ್ನು ಪರೀಕ್ಷಿಸಿದ್ದರು. ಬಹುಮಾನಕ್ಕಾಗಿ ಕುಡಿದ ಪೇಯದ ಮೇಲಿನ ಒಲವು ಮಕ್ಕಳಲ್ಲಿ ಆಮೇಲೆ ಇಳಿದಿತ್ತು. "ವ್ಹಾ, ನಮ್ಮ ಪುಟ್ಟಿ ಜಾಣೆ" ಎಂಬ ಚಪ್ಪಾಳೆ ಕೂಡ ಬಹುಮಾನದ ಜಾತಿಯದೇ. ಚಪ್ಪಾಳೆಗಾಗಿ ತಿಂದ ಮಗು ಚಪ್ಪಾಳೆ ನಿಂತಾಗ ತಿನ್ನುವುದನ್ನೂ ನಿಲ್ಲಿಸುತ್ತದೆ. ಇಲ್ಲಿ ಒಂದು ತಕರಾರನ್ನು ಬಚ್ಚಿಡಬಾರದು. ಸ್ವಲ್ಪ ದೊಡ್ಡ ಮಕ್ಕಳಿಗೆ ರುಚಿ ನೋಡಿದ್ದಕ್ಕೆ ಅಂಟಿಸುವ ಚಿತ್ರ ಕೊಟ್ಟಾಗ ಒಲವು ಹೆಚ್ಚಿತೆಂದು ಇಂಗ್ಲೆಂಡಿನ ಕೆಲವು ಅಧ್ಯಯನಗಳು ಹೇಳುತ್ತವೆ. ಅವರು ಕೇಳಿದ್ದು ಒಂದು ಪುಟ್ಟ ಚೂರಿನ ರುಚಿ, ಕೊಟ್ಟದ್ದು ತಿನ್ನಲಾಗದ ವಸ್ತು. ಬಿಸ್ಕತ್ತಿನ ಆಸೆ ತೋರಿಸಿ ಬಟ್ಟಲು ಖಾಲಿ ಮಾಡಿಸುವುದನ್ನು ಅದಕ್ಕೆ ಹೋಲಿಸಲಾಗದು. ಎರಡು ವರ್ಷದ ಮಗುವಿಗೆ ಅದೂ ಬೇಡ ಎಂದೇ ನನ್ನ ಅಭಿಪ್ರಾಯ.

ಒತ್ತಾಯವೂ ಬೇಡ, ಆಮಿಷವೂ ಬೇಡವಾದರೆ ಉಳಿಯುವುದೇನು? ಎಲಿನ್ ಸಾಟರ್ ಎಂಬ ಅಮೆರಿಕದ ಆಹಾರತಜ್ಞೆ ನಾಲ್ಕು ದಶಕಗಳ ಹಿಂದೆ ಹಾಕಿಕೊಟ್ಟ ಕೆಲಸದ ಹಂಚಿಕೆಯೇ ಈವರೆಗೆ ಎಲ್ಲಕ್ಕಿಂತ ಸರಳವಾದದ್ದು. ಏನು ಬಡಿಸಬೇಕು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೆಲಸ. ತಿನ್ನಬೇಕೇ ಬೇಡವೇ, ತಿಂದರೆ ಎಷ್ಟು ಎಂಬುದು ಮಗುವಿನ ಕೆಲಸ. ಇಬ್ಬರೂ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಬಾರದು. ನಮ್ಮಲ್ಲಿ ಆಗುತ್ತಿರುವುದು ಇದರ ತಲೆಕೆಳಗು. ಏನು ತಿನ್ನಬೇಕೆಂದು ಮಗು ಅಂಗಡಿಯ ಮುಂದೆ ನಿಂತು ತೀರ್ಮಾನಿಸುತ್ತದೆ, ಎಷ್ಟು ತಿನ್ನಬೇಕೆಂದು ಅಜ್ಜಿ ತೀರ್ಮಾನಿಸುತ್ತಾರೆ.

ಮಗುವಿಗೆ ಬಿಟ್ಟರೆ ಅದು ಸರಿಯಾಗಿ ತಿನ್ನುತ್ತದೆಯೇ ಎಂಬ ಅನುಮಾನ ಹಳೆಯದು. ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದಲ್ಲಿ ಆಗತಾನೇ ಹಾಲು ಬಿಟ್ಟ 15 ಮಕ್ಕಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದರು. 34 ಬಗೆಯ ಆಹಾರದ ಪಟ್ಟಿಯಿಂದ ತಟ್ಟೆ ತುಂಬಿಸಿ ಎದುರಿಗಿಡುತ್ತಿದ್ದರು. ಮಗು ಕೈ ತೋರಿಸಿದರೆ ಮಾತ್ರ ದಾದಿ ಚಮಚ ಎತ್ತಬೇಕು, ಮಾತಾಡಬಾರದು. ಮಕ್ಕಳ ಊಟ ದಿನದಿನಕ್ಕೆ ವಿಚಿತ್ರವಾಗಿ ಕಂಡರೂ ತಿಂಗಳುಗಟ್ಟಲೆ ನೋಡಿದಾಗ ಸಮನಾಗಿತ್ತು, ಅವು ಚೆನ್ನಾಗಿಯೇ ಬೆಳೆದವು. ಆದರೆ ಆ ಪಟ್ಟಿಯಲ್ಲಿ ಸಕ್ಕರೆಯೂ ಇರಲಿಲ್ಲ, ಬೇಕರಿ ತಿನಿಸೂ ಇರಲಿಲ್ಲ. ಇದರ ಗುಟ್ಟು ಇರುವುದು ಪಟ್ಟಿಯಲ್ಲೇ ಎಂದು ಡೇವಿಸ್ ಅವರೇ ಒಪ್ಪಿಕೊಂಡಿದ್ದರು. ಪಟ್ಟಿ ದೊಡ್ಡವರ ಕೈಯಲ್ಲಿದ್ದರೆ ಮಾತ್ರ ಆಯ್ಕೆಯನ್ನು ಮಗುವಿಗೆ ಬಿಡಬಹುದು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಶಿರಾಳಕೊಪ್ಪದ ಆಸುಪಾಸಿನ ಹಳ್ಳಿ, ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಎರಡೂವರೆ ವರ್ಷದ ಮಗಳು. ಮಗಳು ಅನ್ನ, ಮೊಸರು, ತೊವ್ವೆ, ದೋಸೆ, ಬಾಳೆಹಣ್ಣು ತಿನ್ನುತ್ತಾಳೆ, ಹಸಿರು ಬಣ್ಣದ ಯಾವುದನ್ನೂ ಮುಟ್ಟುವುದಿಲ್ಲ. ಅವಳ ದಿನ ಹೇಗಿದೆ ನೋಡಿ. ಎದ್ದ ಕೂಡಲೇ ಒಂದು ದೊಡ್ಡ ಲೋಟ ಹಾಲು. ಹತ್ತು ಗಂಟೆಗೆ ಅಜ್ಜ ಅಂಗಡಿಯಿಂದ ತಂದ ಕುರುಕಲು ಪೊಟ್ಟಣ. ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಮೊದಲು ಅತ್ತಳೆಂದು ಎರಡು ಬಿಸ್ಕತ್ತು. ಸಂಜೆ ಎಲ್ಲರ ಜೊತೆ ಚಹಾ, ಅದರಲ್ಲಿ ಅದ್ದಿದ ರಸ್ಕು. ರಾತ್ರಿ ಉಣ್ಣಲಿಲ್ಲವೆಂದು ಮತ್ತೆ ದೊಡ್ಡ ಲೋಟ ಹಾಲು. ಅವಳು ಊಟಕ್ಕೆ ಕೂರುವಾಗ ಹಸಿದಿರುವ ಒಂದು ಹೊತ್ತೂ ಈ ಪಟ್ಟಿಯಲ್ಲಿಲ್ಲ.

ಆದ್ದರಿಂದ ಮೊದಲ ವಾರ ಬೆಂಡೆಕಾಯಿಯ ಸುದ್ದಿಯೇ ಬೇಡ, ಹೊತ್ತನ್ನು ಮಾತ್ರ ಸರಿಮಾಡಬೇಕು. ಬೆಳಗಿನ ತಿಂಡಿ, ನಡುವೆ ಒಂದು ಹಣ್ಣು, ಮಧ್ಯಾಹ್ನದ ಊಟ, ಸಂಜೆ ಒಂದು ತಿಂಡಿ, ರಾತ್ರಿಯೂಟ. ಒಂದರಿಂದ ಇನ್ನೊಂದಕ್ಕೆ ಎರಡೂವರೆ, ಮೂರು ಗಂಟೆಯ ಅಂತರ, ಆ ನಡುವೆ ನೀರು ಮಾತ್ರ. ಹಾಲು ದಿನಕ್ಕೆ ಅರ್ಧ ಲೀಟರು ದಾಟದಿರಲಿ. ಅದಕ್ಕಿಂತ ಹೆಚ್ಚಾದರೆ ಹೊಟ್ಟೆ ಹಾಲಿನಿಂದಲೇ ತುಂಬುತ್ತದೆ, ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಚಹಾ ಇನ್ನೂ ಕೆಡುಕು, ಊಟದಲ್ಲಿ ಬರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಅಜ್ಜ ಮೊಮ್ಮಗಳಿಗೆ ಏನಾದರೂ ತರಲೇಬೇಕೆಂದಿದ್ದರೆ ಒಂದು ಪೇರಲೆಹಣ್ಣು ತರಲಿ, ಸೊರಬದ ಕಡೆಯ ಅನಾನಸ್ ಆದರೂ ಆಗಬಹುದು.

ಎರಡನೆಯ ಬದಲಾವಣೆ ಜಾಗದ್ದು. ಮಗಳಿಗೂ ಒಂದು ಮಣೆ, ಒಂದು ಪುಟ್ಟ ತಟ್ಟೆ, ದೊಡ್ಡವರ ಪಂಕ್ತಿಯಲ್ಲೇ. ದಿನಕ್ಕೆ ಒಂದು ಹೊತ್ತಾದರೂ ಅಮ್ಮನೂ ಜೊತೆಗೆ ಕೂರಬೇಕು, ಬಡಿಸುವುದಕ್ಕೆ ಪಾತ್ರೆಗಳನ್ನು ನಡುವೆ ಇಟ್ಟುಕೊಂಡರಾಯಿತು. ಮಲೆನಾಡಿನ ಮನೆಗಳಲ್ಲಿ ಇದು ಹೇಳಿದಷ್ಟು ಸುಲಭವಿಲ್ಲ ಎಂದು ಬಲ್ಲೆ. ಸೊಸೆ ಮಾವನ ಪಂಕ್ತಿಯಲ್ಲಿ ಕೂರದ ಮನೆಗಳು ಇನ್ನೂ ಇವೆ. ಅಲ್ಲಿ ಮಗು ಅಪ್ಪ, ಅಜ್ಜನ ಪಕ್ಕ ಕೂತರೂ ಕೆಲಸವಾಗುತ್ತದೆ, ಅವರು ತಮ್ಮ ತಟ್ಟೆಯ ತರಕಾರಿ ತಿಂದರೆ. ಸಾರಿನ ಹೋಳನ್ನೆಲ್ಲ ಅಂಚಿಗೆ ದೂಡುವ ಅಪ್ಪನ ಪಕ್ಕ ಕೂತ ಮಗಳು ಕಲಿಯುವುದೂ ದೂಡುವುದನ್ನೇ. ಮೊಬೈಲು, ಟಿವಿ ಊಟ ಮುಗಿಯುವವರೆಗೆ ಆರಿರಲಿ. ಪರದೆ ನೋಡುತ್ತ ಬಾಯಿ ತೆರೆಯುವ ಮಗುವಿಗೆ ನಾಲ್ಕು ತುತ್ತು ಹೆಚ್ಚು ಹೋಗಬಹುದು, ಆದರೆ ಏನು ತಿಂದೆನೆಂಬುದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ತಿಂದ ತರಕಾರಿಯ ಪರಿಚಯ ಆಗುವುದಾದರೂ ಹೇಗೆ?

ಇನ್ನು ಬೆಂಡೆಕಾಯಿ. ಒಂದು ಹೊತ್ತಿಗೆ ಒಂದೇ ಹೊಸ ತರಕಾರಿ ಸಾಕು. ಬೆಂಡೆಯನ್ನೇ ಏಕೆ ಆರಿಸಿದೆನೆಂದರೆ ಅದು ಎಲ್ಲ ಮನೆಗೂ ಬರುತ್ತದೆ, ಮಕ್ಕಳು ಅದನ್ನು ಬೇಡವೆನ್ನಲು ಅದರ ಲೋಳೆಯೇ ಕಾರಣ, ಲೋಳೆಯನ್ನು ಅಡುಗೆಯಲ್ಲೇ ಸರಿಮಾಡಬಹುದು. ಎಳೆಯ ಕಾಯಿಗಳನ್ನು ಇಡಿಯಾಗಿಯೇ ತೊಳೆದು ಬಟ್ಟೆಯಲ್ಲಿ ಒಂದು ಹನಿ ನೀರೂ ಉಳಿಯದಂತೆ ಒರೆಸಬೇಕು. ಆಮೇಲಷ್ಟೇ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆದರೆ ಲೋಳೆ ಬಿಟ್ಟುಕೊಂಡಂತೆಯೇ. ಅಗಲ ಬಾಂಡ್ಲಿಯಲ್ಲಿ ಎರಡು ಚಮಚ ಎಣ್ಣೆ, ಮಧ್ಯಮ ಉರಿ. ಮುಚ್ಚಳ ಮುಚ್ಚಬಾರದು, ನೀರು ಚಿಮುಕಿಸಬಾರದು, ಪದೇಪದೇ ಕೈಯಾಡಿಸಬಾರದು. ಕಾಲು ಗಂಟೆಯಲ್ಲಿ ಅಂಚು ಕೆಂಪಾಗಿ ಗರಿಯಾಗುತ್ತದೆ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರೊಡೆದು ಮತ್ತೆ ಅಂಟಂಟು. ದೊಡ್ಡವರದಕ್ಕೆ ಖಾರ ಬೇಕಿದ್ದರೆ ಮಗುವಿನ ಪಾಲು ತೆಗೆದಿಟ್ಟ ಮೇಲೆ ಹಾಕಿಕೊಳ್ಳಬಹುದು.

ಮಗಳ ತಟ್ಟೆಗೆ ಅವಳು ದಿನಾ ತಿನ್ನುವ ಮೊಸರನ್ನವನ್ನೇ ಬಡಿಸಿ, ಅಂಚಿನಲ್ಲಿ ಬೆಂಡೆಯ ಎರಡೇ ಬಿಲ್ಲೆ ಇಡಿ. ಹತ್ತು ಇಟ್ಟರೆ ಅದು ಒತ್ತಾಯದಂತೆ ಕಾಣುತ್ತದೆ. ಎರಡಾದರೆ ಬಿಸಾಡಲೂ ಯಾರಿಗೂ ಸಂಕಟವಿಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಅದೇ ಪಲ್ಯ. ಬೆಂಡೆಯ ಬಗ್ಗೆ ಯಾರೂ ಮಾತೆತ್ತಬಾರದು. ತಟ್ಟೆಯಲ್ಲಿ ಕಂಡರೇ ಕಿರುಚುತ್ತಾಳೆಂದರೆ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಿಟ್ಟು ಅದರಲ್ಲಿ ಹಾಕಿ. ಅವಳು ಮುಟ್ಟದಿದ್ದರೆ ಊಟವಾದ ಮೇಲೆ ಸುಮ್ಮನೆ ತೆಗೆಯಿರಿ. ಮತ್ತೆ ಎರಡು ಮೂರು ದಿನ ಬಿಟ್ಟು ಅದೇ ಬೆಂಡೆ, ಅದೇ ಎರಡು ಬಿಲ್ಲೆ. ಹೀಗೆ ತಿಂಗಳು, ಒಂದೂವರೆ ತಿಂಗಳು ಸಾಗಬೇಕು.

ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಹೊಟ್ಟೆಗೆ ಎಷ್ಟು ಹೋಯಿತೆಂದು ನೋಡಿ ಪ್ರಯೋಜನವಿಲ್ಲ, ಅವಳ ಕೈಯನ್ನು ನೋಡಬೇಕು. ಮೊದಲು ತಟ್ಟೆಯಿಂದ ಎತ್ತಿ ಎಸೆಯುತ್ತಾಳೆ. ಆಮೇಲೆ ಎಸೆಯುವುದು ನಿಂತು ದೂಡುವುದಕ್ಕೆ ಇಳಿಯುತ್ತದೆ. ಒಂದು ದಿನ ಬೆರಳಲ್ಲಿ ಒತ್ತಿ ನೋಡುತ್ತಾಳೆ, ಬೀಜ ಕೀಳುತ್ತಾಳೆ, ಮೂಸುತ್ತಾಳೆ, ಅಪ್ಪನ ತಟ್ಟೆಗೆ ಹಾಕುತ್ತಾಳೆ. ನೆಕ್ಕುತ್ತಾಳೆ. ಬಾಯಿಗೆ ಹಾಕಿ ಅಗಿದು ಉಗುಳುತ್ತಾಳೆ. ನಮ್ಮ ಮನೆಗಳಲ್ಲಿ ಮಗು ಬೈಸಿಕೊಳ್ಳುವುದು ಇಲ್ಲಿಯೇ, "ಅನ್ನಕ್ಕೆ ಅವಮಾನ ಮಾಡ್ತೀಯಾ" ಎಂದು. ಆದರೆ ಉಗುಳಿದ ಮಗು ನಾಲಿಗೆಗೆ ರುಚಿ ತಾಗಿಸಿಕೊಂಡಾಗಿದೆ. ಇನ್ನೊಂದು ಬಟ್ಟಲು ತೋರಿಸಿ "ಬೇಡಾದ್ರೆ ಇಲ್ಲಿ ಹಾಕು" ಎಂದರೆ ಸಾಕು. ಉಗುಳಬಹುದು ಎಂದು ಗೊತ್ತಾದ ಮಗುವಿಗೆ ಬಾಯಿಗೆ ಹಾಕಿಕೊಳ್ಳುವ ಧೈರ್ಯ ಹೆಚ್ಚು.

ಊಟದ ಹೊತ್ತಿನ ಹೊರಗೂ ಬೆಂಡೆಯ ಜೊತೆ ಒಡನಾಟ ಇರಲಿ. ಸಂತೆಯಲ್ಲಿ ಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ಎಂದು ನಾವು ನೋಡುವಾಗ ಅವಳ ಕೈಗೂ ಒಂದು ಕೊಡಬಹುದು. ಹಿತ್ತಿಲಲ್ಲಿ ಬೆಳೆದಿದ್ದರೆ ಕೊಯ್ಯುವಾಗ ಬುಟ್ಟಿ ಹಿಡಿದು ನಿಲ್ಲಲಿ. ಅಡ್ಡಲಾಗಿ ಕತ್ತರಿಸಿದ ತುಂಡನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ ಕಾಗದಕ್ಕೊತ್ತಿದರೆ ಹೂವಿನಂಥ ಅಚ್ಚು ಬೀಳುತ್ತದೆ. ಇದು ಅವಳನ್ನು ಮರುಳು ಮಾಡಿ ತಿನ್ನಿಸುವ ಉಪಾಯವಲ್ಲ, ತಿನ್ನದಿದ್ದರೂ ಆಟ ಆಟವೇ. ಗರಿ ಬಿಲ್ಲೆ ಒಗ್ಗಿದ ಮೇಲೆ ಉದ್ದ ಸೀಳಿದ್ದು, ಆಮೇಲೆ ಹುಣಸೆಹುಳಿಯ ಗೊಜ್ಜು. ಹುಳಿ ಬಿದ್ದರೆ ಲೋಳೆ ಮುರಿಯುತ್ತದೆ. ಹುಳಿಯ ಹೋಳನ್ನು ಅವಳು ಐದನೆಯ ವರ್ಷದವರೆಗೂ ಮುಟ್ಟದಿರಬಹುದು. ಹದಿನೈದು ಸಲ ಕೊಟ್ಟರೂ ಕೆಲವು ಮಕ್ಕಳಿಗೆ ಕೆಲವು ಒಗ್ಗುವುದೇ ಇಲ್ಲ. ಕಹಿಯನ್ನು ಹೆಚ್ಚು ಗ್ರಹಿಸುವ ನಾಲಿಗೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥವರನ್ನು ಹಾಗಲಕಾಯಿಯ ವಿಷಯದಲ್ಲಿ ಬಿಟ್ಟುಬಿಡುವುದೇ ಲೇಸು.

ಈ ಕ್ರಮದಲ್ಲಿ ಮನೆ ಎಡವುವುದು ಸಾಮಾನ್ಯವಾಗಿ ರಾತ್ರಿ ಹೊತ್ತು. ಮಗಳು ಮೂರು ತುತ್ತು ಮೊಸರನ್ನ ತಿಂದು ಎದ್ದಳು. "ಬರೀ ಹೊಟ್ಟೇಲಿ ಮಲಗುತ್ತಲ್ಲೇ ಕೂಸು" ಎಂದು ಅಜ್ಜಿ ದೋಸೆ ಹೊಯ್ಯಲು ಏಳುತ್ತಾರೆ. ಅವರ ಕರುಳಿನ ಸಂಕಟ ಸುಳ್ಳಲ್ಲ, ಮಕ್ಕಳು ಸೊರಗಿ ಹೋಗುವುದನ್ನು ಕಂಡ ತಲೆಮಾರು ಅದು. ಆದರೆ ತಟ್ಟೆ ದೂಡಿದರೆ ದೋಸೆ ಬರುತ್ತದೆಂದು ಮಗಳಿಗೆ ಗೊತ್ತಾಗಲು ಎರಡು ರಾತ್ರಿ ಸಾಕು. ತಟ್ಟೆಯಲ್ಲಿ ಅವಳು ತಿನ್ನುವಂಥದ್ದು ಒಂದು ಇದ್ದೇ ಇದೆ, ಆದ್ದರಿಂದ ಉಪವಾಸ ಕೆಡವಿದ ಮಾತೇ ಬರುವುದಿಲ್ಲ. ಮಲಗುವ ಮುಂಚೆ ಒಂದು ಸಣ್ಣ ಲೋಟ ಹಾಲು ಎಂದು ಮೊದಲೇ ನಿಗದಿ ಮಾಡಿ, ಉಂಡರೂ ಉಣ್ಣದಿದ್ದರೂ ಅಷ್ಟನ್ನೇ ಕೊಡಿ. ಅಜ್ಜಿಗೂ ಸಮಾಧಾನ, ಮಗಳಿಗೂ ಅದು ಗೆಲುವಿನ ಬಹುಮಾನ ಆಗುವುದಿಲ್ಲ.

ತರಕಾರಿಯನ್ನು ರುಬ್ಬಿ ಅಡಗಿಸಿ ಕೊಟ್ಟರಾಗದೇ ಎಂದು ಕೇಳುವವರಿದ್ದಾರೆ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು ಹಾಕುವುದು, ದೋಸೆಗೆ ಸೌತೆಕಾಯಿ ತುರಿದು ಬೆರೆಸುವುದು ನಮ್ಮ ಅಡುಗೆಯೇ. ಸೊಪ್ಪು ಕಣ್ಣಿಗೆ ಕಾಣುತ್ತದೆ, ಯಾರೂ ಅದನ್ನು ಬಚ್ಚಿಟ್ಟಿರುವುದಿಲ್ಲ. ಆದರೆ ಪಾಲಕ್ ರುಬ್ಬಿ ಚಾಕಲೇಟ್ ಪುಡಿಯ ಹಾಲಿನಲ್ಲಿ ಕಲಸಿ ಕುಡಿಸಿದರೆ ಮಗು ಕಲಿತದ್ದು ಚಾಕಲೇಟಿನ ರುಚಿಯನ್ನು ಮಾತ್ರ. ಒಂದು ದಿನ ಗುಟ್ಟು ರಟ್ಟಾದರೆ ಹಾಲನ್ನೂ ಅನುಮಾನಿಸುತ್ತದೆ. ಹಾಗೆ ಅಡಗಿಸುವ ಆತುರದ ಹಿಂದಿರುವುದು ಪೋಷಕಾಂಶದ ಭಯ, ಆ ಭಯವನ್ನೂ ಸ್ವಲ್ಪ ಬಿಡಿಸಿ ನೋಡಬೇಕು.

ತರಕಾರಿಯಿಂದ ಮಗುವಿಗೆ ಮುಖ್ಯವಾಗಿ ಸಿಗುವುದು ಎ ಮತ್ತು ಸಿ ಜೀವಸತ್ವ, ಫೋಲೇಟ್, ನಾರು. ಇವುಗಳಲ್ಲಿ ಹೆಚ್ಚಿನವು ಹಣ್ಣು ಮತ್ತು ಬೇಳೆಯಲ್ಲೂ ಇವೆ. ಪಪ್ಪಾಯಿ, ಮಾವು, ಪೇರಲೆ, ಕಿತ್ತಳೆ ತಿನ್ನುವ, ತೊವ್ವೆ ಉಣ್ಣುವ ಮಗು ಕೆಲವು ತಿಂಗಳು ಬೆಂಡೆ, ಬೀನ್ಸ್ ಮುಟ್ಟದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಎ ಜೀವಸತ್ವವನ್ನು ಸರ್ಕಾರವೇ ಒಂಬತ್ತನೆಯ ತಿಂಗಳಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಹನಿ ಹಾಕಿಸುತ್ತದೆ. ಆ ಸರದಿ ತಪ್ಪಿಲ್ಲವೇ ಎಂದು ತಾಯಿ ಕಾರ್ಡ್ ತೆರೆದು ನೋಡಿಕೊಂಡರಾಯಿತು.

ನಿಜವಾಗಿ ಚಿಂತಿಸಬೇಕಾದದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಪಾಲಕ್ ತಿನ್ನಿಸುವುದು ಪರಿಹಾರವೆಂಬ ನಂಬಿಕೆ ಬಲವಾಗಿದೆ, ಆದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ತೀರಾ ಸ್ವಲ್ಪ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಲ್ಲಿ ಮಗುವಿಗೂ ಅವು ಸಿಗಲಿ. ತಿನ್ನದ ಮನೆಯಲ್ಲಿ ಬೇಳೆ, ಕಾಳುಗಳಿಗೆ ನಿಂಬೆಹುಳಿ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ಹತ್ತುತ್ತದೆ. ಇದರ ಮೇಲೆ ಆಶಾ ಕಾರ್ಯಕರ್ತೆಯರ ಮೂಲಕ ಬರುವ ಕಬ್ಬಿಣದ ಸಿರಪ್ ಇದೆ, ವಾರಕ್ಕೆ ಎರಡು ಸಲ 1 ಮಿ.ಲೀ. ಮಲ ಕಪ್ಪಗಾಗುತ್ತದೆಂದು ಅನೇಕರು ಅರ್ಧಕ್ಕೇ ನಿಲ್ಲಿಸುತ್ತಾರೆ. ಕಪ್ಪಗಾಗುವುದು ಸಹಜ, ನಿಲ್ಲಿಸಬೇಕಿಲ್ಲ. ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು.

ಎಲ್ಲ ಹಠವೂ ವಯಸ್ಸಿನ ಹಠವಲ್ಲ. ತೂಕ ಎರಡು ಮೂರು ತಿಂಗಳು ಏರದೆ ನಿಂತಿದ್ದರೆ, ಅಂಗನವಾಡಿಯ ತೂಕದ ನಕ್ಷೆಯಲ್ಲಿ ಗೆರೆ ಕೆಳಗಿನ ಬಣ್ಣಕ್ಕೆ ಇಳಿದಿದ್ದರೆ, ತೋಳಿನ ಪಟ್ಟಿಯ ಅಳತೆ 12.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕಾಯಬಾರದು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಮಗುವಿನ ರಕ್ತ ಪರೀಕ್ಷೆ ಆಗಬೇಕು. ಮಲಬದ್ಧತೆ ಇರುವ ಮಗು ಹಸಿವಿಲ್ಲದೆ ಎಲ್ಲವನ್ನೂ ಬೇಡವೆನ್ನುತ್ತದೆ, ಹಾಲು ಮತ್ತು ಮೈದಾ ತಿನಿಸು ಹೆಚ್ಚಾದಲ್ಲಿ ಇದು ಸಾಮಾನ್ಯ. ಗಟ್ಟಿ ಚೂರು ಬಾಯಿಗೆ ಬಂದ ಕೂಡಲೇ ಓಕರಿಸುವುದು, ನುಂಗುವಾಗ ಕೆಮ್ಮುವುದು, ಮೊದಲು ತಿನ್ನುತ್ತಿದ್ದುದನ್ನು ಒಂದೊಂದಾಗಿ ಕೈಬಿಟ್ಟು ಕೊನೆಗೆ ಐದಾರು ಪದಾರ್ಥಕ್ಕೆ ಇಳಿಯುವುದು, ಇವು ತಜ್ಞರು ನೋಡಬೇಕಾದ ಲಕ್ಷಣಗಳು. ಒಂಬತ್ತು ಹತ್ತು ತಿಂಗಳು ದಾಟಿದರೂ ನುಣ್ಣಗೆ ಕಿವುಚಿದ್ದನ್ನೇ ಉಣ್ಣಿಸಿದ ಮಕ್ಕಳಲ್ಲಿ ಅಗಿಯುವ ತೊಂದರೆ ಹೆಚ್ಚು ಕಾಣುತ್ತದೆ. ಅಗಿಯಲು ಕಲಿಸಬೇಕೆಂದು ಹಸಿ ಕ್ಯಾರೆಟ್, ಕೊಬ್ಬರಿ ಚೂರು, ಇಡಿ ಶೇಂಗಾ ಮಾತ್ರ ಕೊಡಬೇಡಿ, ನಾಲ್ಕು ವರ್ಷದೊಳಗೆ ಅವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಬೆರಳುಗಳ ನಡುವೆ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದ ಹೋಳು ಸಾಕು.

ಶಿಕಾರಿಪುರ ಅಥವಾ ಸೊರಬದ ತಾಲ್ಲೂಕು ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋಗುವುದಾದರೆ ತಾಯಿ ಕಾರ್ಡಿನ ಜೊತೆ ಒಂದು ಹಾಳೆಯನ್ನೂ ಒಯ್ಯಿರಿ. ಹಿಂದಿನ ಒಂದು ವಾರ ಮಗು ತಿಂದದ್ದನ್ನು, ಕುಡಿದದ್ದನ್ನು ಹೊತ್ತಿನ ಸಮೇತ ಅದರಲ್ಲಿ ಬರೆದಿಡಿ. ಚಹಾ ಎಷ್ಟು ಲೋಟ, ಬಿಸ್ಕತ್ತು ಎಷ್ಟು, ಅಜ್ಜ ತಂದ ಪೊಟ್ಟಣ ಎಷ್ಟು ಎಂಬುದನ್ನೂ ನಾಚಿಕೆಪಡದೆ ಬರೆಯಿರಿ.